ಬಿಸಿಯೇರಿದ ಫೋನಿನ ಲಯ

ಆಟ ಶುರುವಾದ ಮೊದಲ ಐದು ನಿಮಿಷ ಯಾವ ಫೋನನ್ನೂ ನಂಬಬೇಡಿ. ಆಗ ಎಲ್ಲವೂ ಚೆನ್ನಾಗಿಯೇ ಆಡಿಸುತ್ತವೆ. ಅಂಗಡಿಯ ಹುಡುಗ ತೋರಿಸುವುದೂ ಆ ಐದು ನಿಮಿಷವನ್ನೇ. ಫೋನಿನ ಯೋಗ್ಯತೆ ಗೊತ್ತಾಗುವುದು ಇಪ್ಪತ್ತನೆಯ ನಿಮಿಷದ ಆಸುಪಾಸಿನಲ್ಲಿ, ಹಿಂಬದಿಯ ಗಾಜು ಅಂಗೈಗೆ ಚುರುಗುಟ್ಟತೊಡಗಿದಾಗ. ಅಲ್ಲಿಂದಾಚೆಗೆ ಫೋನು ತನ್ನೊಳಗೇ ಮಾಡಿಕೊಳ್ಳುವ ಹೊಂದಾಣಿಕೆಯನ್ನು ಬೈಯುವವರೇ ಹೆಚ್ಚು. ನನಗೇನೋ ಇಡೀ ಯಂತ್ರದಲ್ಲಿ ಅದೇ ಅತಿ ಸೊಗಸಿನ ಕೆಲಸ ಎನಿಸುತ್ತದೆ.

ಬಿಜಿಎಂಐ ಆಟವನ್ನೇ ತೆಗೆದುಕೊಳ್ಳಿ. ಕೈಯಲ್ಲಿರುವುದು 5000 ಎಂಎಎಚ್ ಬ್ಯಾಟರಿಯ ಫೋನು ಎಂದಿಟ್ಟುಕೊಳ್ಳೋಣ. ಅದರಲ್ಲಿ ಸುಮಾರು 19 ವ್ಯಾಟ್-ಗಂಟೆಯಷ್ಟು ಶಕ್ತಿ ತುಂಬಿರುತ್ತದೆ. ಒಂದು ಗಂಟೆ ಆಡಿದಾಗ ಚಾರ್ಜು ನೂರಕ್ಕೆ ಇಪ್ಪತ್ತೈದರಷ್ಟು ಇಳಿದರೆ, ಫೋನು ಸರಾಸರಿ ಐದು ವ್ಯಾಟ್‌ಗೆ ತುಸು ಕಡಿಮೆ ತಿಂದಿದೆ ಎಂದರ್ಥ. ಈ ಐದು ವ್ಯಾಟ್ ಹೋದದ್ದೆಲ್ಲಿಗೆ? ಒಂದಿಷ್ಟು ಪರದೆಯ ಬೆಳಕಾಗಿ, ಇನ್ನೊಂದಿಷ್ಟು ರೇಡಿಯೋ ಅಲೆಯಾಗಿ ಹೊರಗೆ ಹೋಯಿತು. ಉಳಿದದ್ದೆಲ್ಲ ಶಾಖವೇ. ಪರದೆಯ ಮೇಲೆ ಹಾರಿದ ಗುಂಡು, ಓಡಿದ ಜೀಪು, ಅಲ್ಲಾಡಿದ ಹುಲ್ಲು, ಎಲ್ಲದರ ಲೆಕ್ಕಾಚಾರವೂ ಚಿಪ್ಪಿನೊಳಗೆ ಬಿಸಿಯಾಗಿಯೇ ಕೊನೆಗೊಳ್ಳುತ್ತದೆ. ವಿದ್ಯುತ್ತಿನ ಲೆಕ್ಕದಲ್ಲಿ ನೋಡಿದರೆ ಆಟವಾಡುವ ಫೋನೆಂದರೆ ಪುಟ್ಟದೊಂದು ಹೀಟರು.

ಈ ಬಿಸಿಯನ್ನು ಊದಿ ಹೊರಹಾಕಲು ಲ್ಯಾಪ್‌ಟಾಪಿನಲ್ಲಿ ಫ್ಯಾನು ಇರುತ್ತದೆ. ಸಾಮಾನ್ಯ ಫೋನಿನಲ್ಲಿ ಅದಿಲ್ಲ. ಇರುವುದು ಮೈ ಮಾತ್ರ. ಹದಿನಾರು ಸೆಂಟಿಮೀಟರ್ ಉದ್ದ, ಏಳೂವರೆ ಅಗಲದ ಫೋನಿನ ಎರಡೂ ಮುಖ ಸೇರಿದರೆ 240 ಚದರ ಸೆಂಟಿಮೀಟರ್. ನಿಂತ ಗಾಳಿಯಲ್ಲಿ ಇಷ್ಟು ಮೈಯಿಂದ, ಕೋಣೆಗಿಂತ ಫೋನು ಹೆಚ್ಚು ಬಿಸಿಯಿರುವ ಪ್ರತಿ ಒಂದು ಡಿಗ್ರಿಗೆ ಸುಮಾರು ಕಾಲು ವ್ಯಾಟ್ ಹೊರಗೆ ಹೋಗುತ್ತದೆ. ಕೋಣೆ 25 ಡಿಗ್ರಿ, ಫೋನಿನ ಮೈ 43 ಡಿಗ್ರಿ ಇದ್ದರೆ ಅಂತರ ಹದಿನೆಂಟು. ಹೊರಹೋಗುವುದು ನಾಲ್ಕು ವ್ಯಾಟ್ ಚಿಲ್ಲರೆ. ಇದಕ್ಕಿಂತ ಹೆಚ್ಚು ತಿನ್ನುವ ಆಟವನ್ನು ಆ ಫೋನು ಸ್ವಲ್ಪ ಹೊತ್ತು ಆಡಿಸಬಹುದು, ಕೊನೆಯವರೆಗೆ ಆಡಿಸಲಾಗದು. ಹಿಡಿದ ಕೈಯೂ ಒಂದಿಷ್ಟು ಶಾಖ ಹೀರಿಕೊಳ್ಳುತ್ತದೆ ಎನ್ನುವುದು ಬೇರೆ ಮಾತು. ಅಂಗೈ 34 ಡಿಗ್ರಿಯ ಹತ್ತಿರವಿರುವಾಗ, 43 ಡಿಗ್ರಿಯ ಫೋನಿಗೆ ನಾವೇ ತಣ್ಣನೆಯ ವಸ್ತು!

ಹಾಗಿದ್ದರೆ ಮೊದಲ ಕೆಲವು ನಿಮಿಷ ಎಂಟು ವ್ಯಾಟ್ ತಿಂದರೂ ಏನೂ ಆಗದಿರುವುದು ಹೇಗೆ? ಇನ್ನೂರು ಗ್ರಾಂ ತೂಕದ ಗಾಜು, ಲೋಹ, ಬ್ಯಾಟರಿ ಎಲ್ಲ ಮೊದಲು ತಾವು ಬಿಸಿಯಾಗಬೇಕಲ್ಲ, ಅದಕ್ಕೆ ಹೊತ್ತು ಬೇಕು. ಅಷ್ಟು ತೂಕ 28 ಡಿಗ್ರಿಯಿಂದ 43ಕ್ಕೆ ಏರಲು ಸುಮಾರು ಎರಡೂವರೆ ಸಾವಿರ ಜೂಲ್ ಹಿಡಿಯುತ್ತದೆ. ಎಂಟು ವ್ಯಾಟ್ ಸುರಿಯುತ್ತ, ಒಂದಿಷ್ಟು ಹೊರಗೂ ಸೋರುತ್ತ ಹೋದರೆ ಇದು ಏಳೆಂಟು ನಿಮಿಷದ ದಾರಿ. ಅಂಗಡಿಯ ಐದು ನಿಮಿಷ ಅಷ್ಟು ಚೆಂದ ಕಾಣುವುದು ಈ ಸಾಲದ ಮೇಲೆ.

ಆ ದಾರಿಯನ್ನು ಸ್ವಲ್ಪ ಉದ್ದ ಮಾಡುವುದು ಒಳಗಿನ ಒಂದು ತಾಮ್ರದ ತಗಡು, ವೇಪರ್ ಚೇಂಬರ್. ಇದನ್ನು ಮೆಚ್ಚದಿರುವುದು ಕಷ್ಟ. ಅರ್ಧ ಮಿಲಿಮೀಟರಿಗೂ ತೆಳುವಾದ ಎರಡು ತಾಮ್ರದ ಹಾಳೆಗಳ ನಡುವೆ ಗಾಳಿ ತೆಗೆದು, ಕೆಲವೇ ಹನಿ ನೀರು ಬಿಟ್ಟು, ಅಂಚು ಮುಚ್ಚಿರುತ್ತಾರೆ. ಒತ್ತಡ ಕಡಿಮೆಯಾದ್ದರಿಂದ ನೂರು ಡಿಗ್ರಿಗೆ ಕಾಯದೆಯೇ ನೀರು ಆವಿಯಾಗುತ್ತದೆ. ಚಿಪ್ಪಿನ ಮೇಲೆ ಆವಿಯಾದದ್ದು ತಣ್ಣಗಿರುವ ತುದಿಗೆ ಹೋಗಿ ನೀರಾಗುತ್ತದೆ, ಹೋಗುವಾಗ ಶಾಖವನ್ನು ಹೊತ್ತೊಯ್ಯುತ್ತದೆ. ಒಳಮೈಗೆ ಅಂಟಿಸಿದ ಸೂಕ್ಷ್ಮ ತಾಮ್ರದ ಜಾಲರಿ ಆ ನೀರನ್ನು ಮತ್ತೆ ಚಿಪ್ಪಿನ ಕಡೆಗೆ ಎಳೆದು ತರುತ್ತದೆ. ಪಂಪಿಲ್ಲ, ಮೋಟಾರಿಲ್ಲ, ಸದ್ದಿಲ್ಲ. ಆದರೆ ಜಾಹೀರಾತು ಹೇಳದ ಒಂದು ವಿಷಯವಿದೆ. ಈ ತಗಡು ಶಾಖವನ್ನು ಹರಡುತ್ತದೆ, ಹೊರಹಾಕುವುದಿಲ್ಲ. ಒಂದೇ ಕಡೆ ಸುಡುವ ಚುಕ್ಕೆಯನ್ನು ಇಡೀ ಮೈಗೆ ಸಮನಾಗಿ ಹಂಚಿ, ಆ 240 ಚದರ ಸೆಂಟಿಮೀಟರ್ ಪೂರ್ತಿ ಕೆಲಸಕ್ಕೆ ಬರುವಂತೆ ಮಾಡುತ್ತದೆ, ಅಷ್ಟೇ. ಡಿಗ್ರಿಗೆ ಕಾಲು ವ್ಯಾಟ್ ಎಂಬ ಲೆಕ್ಕವನ್ನು ಅದು ದಾಟಲಾರದು.

ಚಿಪ್ಪಿಗೇನೂ ಇಷ್ಟು ಬೇಗ ಅಪಾಯವಿಲ್ಲ. ಸಿಲಿಕಾನು ತೊಂಬತ್ತು ಡಿಗ್ರಿಯನ್ನೂ ತಡೆದುಕೊಳ್ಳುತ್ತದೆ. ತಡೆಯಲಾರದವು ಅಂಗೈ ಮತ್ತು ಬ್ಯಾಟರಿ. ಆದ್ದರಿಂದ ಫೋನು ಕಾವಲು ಕಾಯುವುದು ಮುಖ್ಯವಾಗಿ ತನ್ನ ಹೊರಮೈಯ ಉಷ್ಣತೆಗೆ. ಅದು ಮಿತಿಯನ್ನು ಸಮೀಪಿಸಿದಾಗ ಚಿಪ್ಪಿನ ವೇಗವನ್ನು ಕುಗ್ಗಿಸುತ್ತದೆ. ಥರ್ಮಲ್ ಥ್ರಾಟ್ಲಿಂಗ್ ಎನ್ನುವುದು ಇದನ್ನೇ.

ಒರಟಾದ ಕಾವಲುಗಾರನಿದ್ದರೆ ಬಿಸಿಯಾಯಿತೆಂದು ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತಾನೆ, ತಣಿಯಿತೆಂದು ಮತ್ತೆ ಏರಿಸುತ್ತಾನೆ, ಆಟ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ. ಲಿನಕ್ಸ್ ಕರ್ನಲ್ಲಿಗೆ 2015ರಲ್ಲಿ ಸೇರಿದ, ಎಆರ್‌ಎಂ ಕಂಪನಿಯ ಎಂಜಿನಿಯರುಗಳು ಬರೆದ `power_allocator` ಹಾಗಲ್ಲ. ಅದು ಉಷ್ಣತೆ ಈಗ ಎಷ್ಟಿದೆ ಎಂಬುದನ್ನು ಮಾತ್ರ ನೋಡಿ ಸುಮ್ಮನಾಗುವುದಿಲ್ಲ. ಮಿತಿಯಿಂದ ಎಷ್ಟು ದೂರ, ಎಷ್ಟು ಹೊತ್ತಿನಿಂದ ಹೀಗಿದೆ, ಯಾವ ರಭಸದಲ್ಲಿ ಏರುತ್ತಿದೆ ಎಂದೂ ಲೆಕ್ಕ ಹಾಕಿ ಒಟ್ಟು ಇಷ್ಟು ವ್ಯಾಟ್ ಎಂದು ಗೊತ್ತುಮಾಡುತ್ತದೆ. ಆಮೇಲೆ ಸಿಪಿಯು ಎಷ್ಟು ಕೇಳುತ್ತಿದೆ, ಜಿಪಿಯು ಎಷ್ಟು ಕೇಳುತ್ತಿದೆ ಎಂದು ನೋಡಿ ಅದಕ್ಕೆ ತಕ್ಕಂತೆ ಹಂಚುತ್ತದೆ. ಚಿತ್ರ ಬರೆಯುವ ಹೊರೆ ಹೆಚ್ಚಿದ್ದಾಗ ಜಿಪಿಯುಗೆ ಪಾಲು ಹೆಚ್ಚು.

ಈ ಹಂಚಿಕೆ ಕೈಗೂಡುವುದು ಭೌತಶಾಸ್ತ್ರದ ಒಂದು ಉದಾರತೆಯಿಂದ. ಚಿಪ್ಪು ತಿನ್ನುವ ಶಕ್ತಿಯ ಸೂತ್ರ ಸರಳ: P ≈ C × V² × f. ವೇಗ f ಹೆಚ್ಚಬೇಕಾದರೆ ಟ್ರಾನ್ಸಿಸ್ಟರುಗಳು ಬೇಗ ಬೇಗ ಬದಲಾಗಬೇಕು, ಅದಕ್ಕೆ ವೋಲ್ಟೇಜು V ಕೂಡ ಏರಬೇಕು. ವೋಲ್ಟೇಜು ವರ್ಗವಾಗಿ ಬರುವುದರಿಂದ ಒಟ್ಟು ಶಕ್ತಿ ವೇಗದ ಘನಕ್ಕೆ ಹತ್ತಿರವಾಗಿ ಏರುತ್ತದೆ. ಇದನ್ನೇ ತಿರುಗಿಸಿ ನೋಡಿ: ವೇಗವನ್ನು ನೂರಕ್ಕೆ ಇಪ್ಪತ್ತರಷ್ಟು ತಗ್ಗಿಸಿದರೆ 0.8 × 0.8 × 0.8, ಅಂದರೆ ಶಾಖ ಹತ್ತಿರಹತ್ತಿರ ಅರ್ಧ! ಐದನೇ ಒಂದು ಪಾಲು ಓಟ ಕೊಟ್ಟು ಅರ್ಧ ಬಿಸಿ ಉಳಿಸಿಕೊಳ್ಳುವ ಇಂಥ ವ್ಯಾಪಾರ ಬೇರೆಲ್ಲೂ ಸುಲಭವಾಗಿ ಸಿಗದು. ವೋಲ್ಟೇಜು ಇನ್ನು ಇಳಿಯಲಾರದ ತಳ ಮುಟ್ಟಿದ ಮೇಲೆ ಮಾತ್ರ ಈ ಲಾಭ ನಿಲ್ಲುತ್ತದೆ.

ಅಷ್ಟು ಚಿಕ್ಕ ಇಳಿಕೆ ಕಣ್ಣಿಗೆ ಅಷ್ಟು ದೊಡ್ಡದಾಗಿ ಬೀಳುವುದೇಕೆ? ಇಲ್ಲಿ ಬರುವುದು ಲಯದ ವಿಷಯ. 120 ಹರ್ಟ್ಸ್ ಪರದೆ ತನ್ನ ಚಿತ್ರವನ್ನು 8.3 ಮಿಲಿಸೆಕೆಂಡಿಗೊಮ್ಮೆ ಬದಲಿಸುತ್ತದೆ, ತಪ್ಪದ ತಾಳದಂತೆ. ಆಟದ ಚಿತ್ರ ಸಿದ್ಧವಾದ ಕೂಡಲೇ ಪರದೆಗೆ ಹಾರಲಾರದು, ಮುಂದಿನ ಪೆಟ್ಟಿಗೆ ಕಾಯಬೇಕು. ಸೆಕೆಂಡಿಗೆ 60 ಫ್ರೇಮು ಎಂದರೆ ಎರಡು ಪೆಟ್ಟಿಗೊಂದು ಚಿತ್ರ, ಕೊಟ್ಟ ಗಡುವು 16.7 ಮಿಲಿಸೆಕೆಂಡು. ತಣ್ಣಗಿದ್ದಾಗ ಜಿಪಿಯು 16ರಲ್ಲಿ ಮುಗಿಸುತ್ತಿತ್ತು ಎನ್ನಿ. ವೇಗ ಐದನೇ ಒಂದು ಪಾಲು ಇಳಿದ ಮೇಲೆ ಅದೇ ಚಿತ್ರಕ್ಕೆ 20 ಬೇಕು. ಎರಡನೆಯ ಪೆಟ್ಟು ಕೈತಪ್ಪಿತು; ಮೂರನೆಯದಕ್ಕೆ, ಅಂದರೆ 25ನೆಯ ಮಿಲಿಸೆಕೆಂಡಿಗೆ ಕಾಯಬೇಕು. ಬಯಲಿನಲ್ಲಿ ಓಡುವಾಗ ಹಗುರವಾದ ಚಿತ್ರ ಎರಡಕ್ಕೆ ಬರುತ್ತದೆ, ಹೊಗೆಯ ಗುಂಡು ಸಿಡಿದಾಗ ಮೂರಕ್ಕೆ. ಎರಡು, ಮೂರು, ಎರಡು, ಎರಡು, ಮೂರು. ಮೂಲೆಯಲ್ಲಿ ತೋರುವ ಸರಾಸರಿ 50 ಫ್ರೇಮು ಎಂದೇ ಹೇಳುತ್ತದೆ, ಕಣ್ಣಿಗೆ ಮಾತ್ರ ಎಡವಿದಂತೆ ಕಾಣುತ್ತದೆ. ನಿಧಾನವಾದ ಲಯವನ್ನು ನಾವು ಒಪ್ಪುತ್ತೇವೆ, ಏರುಪೇರಾದದ್ದನ್ನು ಒಪ್ಪುವುದಿಲ್ಲ.

ಕಲಬುರಗಿಯಲ್ಲಿರುವ ತಂಗಿಯ ಮಗ ಮೇ ತಿಂಗಳಲ್ಲಿ ಫೋನ್ ಮಾಡಿದ್ದ. "ಮಾಮಾ, ಫೋನ್ ಭಾಳ ಸುಡ್ಲಿಕತ್ತದ, ಆಟ ಲ್ಯಾಗ್ ಆಗ್ಲಿಕತ್ತದ. ನೆಟ್‌ವರ್ಕ್ ಸರಿ ಇಲ್ಲೇನು?" ಎದುರಾಳಿಗಳು ಇದ್ದಲ್ಲಿಂದ ಇನ್ನೊಂದು ಕಡೆಗೆ ತಟ್ಟನೆ ನೆಗೆಯುತ್ತಿದ್ದಾರೋ, ನೀನೇ ತಿರುಗಿದಾಗ ಚಿತ್ರ ತಡವರಿಸುತ್ತದೋ ಎಂದು ಕೇಳಿದೆ. ನೆಟ್‌ವರ್ಕಿನ ದೋಷವಾದರೆ ಇತರರು ನೆಗೆಯುತ್ತಾರೆ, ನಮ್ಮ ನೋಟ ನುಣುಪಾಗಿಯೇ ತಿರುಗುತ್ತದೆ. ಶಾಖದ್ದಾದರೆ ಪಿಂಗ್ ಚೆನ್ನಾಗಿದ್ದೂ ನಮ್ಮ ನೋಟವೇ ಕುಂಟುತ್ತದೆ, ಪರದೆಯ ಬೆಳಕೂ ತಾನಾಗಿ ಕುಗ್ಗಿರುತ್ತದೆ. ಅವನದು ಎರಡನೆಯದು. ಕಂಪ್ಯೂಟರಿಗೆ ಜೋಡಿಸಿ ಇದನ್ನು ಕೊಡು ಎಂದೆ:

```
adb shell dumpsys battery
```

ಬಂದ ಸಾಲುಗಳಲ್ಲಿ `temperature: 436` ಎಂದಿತ್ತು. ಡಿಗ್ರಿಯ ಹತ್ತನೇ ಭಾಗದ ಲೆಕ್ಕ ಅದು, ಬ್ಯಾಟರಿಯೇ 43.6 ಡಿಗ್ರಿ. ಕೋಣೆ 37 ಎಂದ. ಮೈಯ ಮಿತಿ 43 ಎಂದುಕೊಂಡರೆ ಅಂತರ ಆರೇ ಡಿಗ್ರಿ, ಹೊರಹೋಗುವುದು ಒಂದೂವರೆ ವ್ಯಾಟ್. ಪರದೆ ಮತ್ತು ರೇಡಿಯೋ ಎರಡೇ ಅಷ್ಟನ್ನು ತಿಂದುಹಾಕುತ್ತವೆ, ಆಟಕ್ಕೆ ಉಳಿಯುವುದೇನು? ಸಾಲದ್ದಕ್ಕೆ ಚಾರ್ಜರ್ ಚುಚ್ಚಿಕೊಂಡೇ ಆಡುತ್ತಿದ್ದ, ಆ ಬಿಸಿ ಬೇರೆ. ಚಾರ್ಜರ್ ಕಿತ್ತು, ಕವರು ತೆಗೆದು, ಫ್ಯಾನಿನ ಕೆಳಗೆ ಕೂರಿಸಿದ್ದಾಯಿತು. ಬೀಸುವ ಗಾಳಿಗೆ ಡಿಗ್ರಿಯೊಂದಕ್ಕೆ ಹೊರಹೋಗುವ ಶಾಖ ಸುಲಭವಾಗಿ ಇಮ್ಮಡಿಯಾಗುತ್ತದೆ. ಫ್ರಿಜ್ಜಿನಲ್ಲಿ ಇಡಲೇ ಎಂದೂ ಕೇಳಿದ. ಬೇಡ, ಒಳಗೆ ಹನಿಗಟ್ಟುತ್ತದೆ.

ಜಾಣ ಆಟಗಳು ಇಷ್ಟಕ್ಕೆ ಬರಗೊಡುವುದಿಲ್ಲ. ಆಂಡ್ರಾಯ್ಡ್ 11ರಿಂದ ಆಟವೇ `getThermalHeadroom` ಎಂದು ಕೇಳಿ ಮಿತಿ ಎಷ್ಟು ದೂರವಿದೆ ಎಂದು ತಿಳಿಯಬಹುದು. ಉತ್ತರ 1.0 ಎಂದರೆ ಫೋನು ತೀವ್ರ ಕಡಿವಾಣ ಹಾಕುವ ಹಂತ. ಅದಕ್ಕೂ ಮೊದಲೇ ನೆರಳುಗಳನ್ನೋ ದೂರದ ಮರಗಳನ್ನೋ ಸದ್ದಿಲ್ಲದೆ ಕಡಿಮೆ ಮಾಡಿದ ಆಟ ಲಯ ಕೆಡಿಸದೆ ಮುಂದುವರಿಯುತ್ತದೆ.

ಎಲ್ಲ ಆಟಕ್ಕೂ ಆ ಜಾಣತನವಿಲ್ಲ, ಆದ್ದರಿಂದ ಆಯ್ಕೆ ನಮ್ಮದು. ಬಿಜಿಎಂಐಯಲ್ಲಿ 60 ಫ್ರೇಮಿನ ‘ಎಕ್ಸ್‌ಟ್ರೀಮ್’ ಕೆಳಗೆ ‘ಅಲ್ಟ್ರಾ’ ಎಂಬುದೊಂದಿದೆ, ಅದು 40. ಹೆಚ್ಚಿನವರು ಅದನ್ನು ಬಡವರ ಪಾಲೆಂದು ಬಿಟ್ಟುಬಿಡುತ್ತಾರೆ. ಪರದೆ 120 ಹರ್ಟ್ಸಿನಲ್ಲೇ ನಿಂತಿದ್ದರೆ 40 ಎಂದರೆ ಪ್ರತಿ ಮೂರು ಪೆಟ್ಟಿಗೊಂದು ಚಿತ್ರ, ಒಂದೂ ತಪ್ಪದೆ. ಗಡುವು 25 ಮಿಲಿಸೆಕೆಂಡು, 20ರಲ್ಲಿ ಮುಗಿಸುವ ಬಿಸಿ ಜಿಪಿಯುಗೂ ಕೈಯಲ್ಲಿ ಐದು ಉಳಿಯುತ್ತದೆ. ನಿಮ್ಮದು 60 ಹರ್ಟ್ಸ್ ಪರದೆಯಾದರೆ ಈ ಲೆಕ್ಕ ಕೂಡುವುದಿಲ್ಲ, 30ಕ್ಕೆ ಇಳಿಯಬೇಕು. ಬೇಸಿಗೆಯ ಮಧ್ಯಾಹ್ನ ಅರ್ಧ ಗಂಟೆಗೂ ಹೆಚ್ಚು ಆಡುವವರು ಮೊದಲ ನಿಮಿಷದಿಂದಲೇ ಅಲ್ಟ್ರಾದಲ್ಲಿ ಕೂರಲಿ. ಇಪ್ಪತ್ತನೆಯ ನಿಮಿಷದಲ್ಲಿ ತಡವರಿಸುವ 60ಕ್ಕಿಂತ ನೆಟ್ಟಗೆ ನಿಂತ 40 ಮೇಲು.