ಮಾರುವವನ ಜೇಬು

ರೈನರ್ ಕ್ನಿಟ್ಸಿಯಾ 1992ರಲ್ಲಿ ರೂಪಿಸಿದ ‘ಮಾಡರ್ನ್ ಆರ್ಟ್’ ಆಟದಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ನಿಯಮ: ಹರಾಜಿನ ಹಣ ಚಿತ್ರ ಮಾರಿದ ಆಟಗಾರನಿಗೇ ಸೇರುತ್ತದೆ. ತನ್ನ ಚಿತ್ರವನ್ನು ತಾನೇ ಕೊಂಡರೆ ಮಾತ್ರ ಬ್ಯಾಂಕಿಗೆ.

ಮೊದಲ ಸುತ್ತಿನ ಕೊನೆಗೆ, ಅತಿ ಹೆಚ್ಚು ಚಿತ್ರಗಳು ಹೊರಬಂದ ಕಲಾವಿದನ ಪ್ರತಿ ಚಿತ್ರಕ್ಕೆ ಕೊಂಡವನಿಗೆ ಬ್ಯಾಂಕಿನಿಂದ 30 ಸಾವಿರ, ನಂತರದ ಇಬ್ಬರದಕ್ಕೆ 20, 10, ಉಳಿದವಕ್ಕೆ ಸೊನ್ನೆ. 30 ಬರುವ ಚಿತ್ರವನ್ನು 28ಕ್ಕೆ ಕೊಂಡವನು ಲಾಭವಾಯಿತೆಂದು ಹಿಗ್ಗುತ್ತಾನೆ. ದಕ್ಕಿದ್ದು 2, ಮಾರಿದವನಿಗೆ 28! 15ಕ್ಕೆ ಕೊಂಡಿದ್ದರೆ ಇಬ್ಬರೂ ಸಮ. ಮೂರನೆಯವನು 16 ಕೂಗಿದರೆ ನಾನು 17ಕ್ಕೆ ಏರುತ್ತೇನೆ; ಬಿಟ್ಟರೆ ಆ 14ರ ಲಾಭ ಅವನ ಪಾಲು.

ಕಲಾವಿದ ಎರಡನೆಯ ಸ್ಥಾನಕ್ಕೆ ಜಾರುವ ಸಂಭವ ಅರ್ಧದಷ್ಟಿದ್ದರೆ ಚಿತ್ರದ ಬೆಲೆ 30 ಅಲ್ಲ, 25. ಆಗ ನನ್ನ ಲೆಕ್ಕ ಹನ್ನೆರಡೂವರೆಯಿಂದ ಶುರು.