ಎನ್‌ಕೋಡರೋ, ರಿಸಾಲ್ವರೋ? ಒಂದು ಕೋಷ್ಟಕದ ವಿಮರ್ಶೆ

ಶಾಶ್ವತ ಕಾಂತವಿರುವ ಮೋಟಾರನ್ನು ನಿಯಂತ್ರಿಸಬೇಕಾದರೆ ಅದರ ಶಾಫ್ಟ್ ಪ್ರತಿಕ್ಷಣವೂ ಯಾವ ಕೋನದಲ್ಲಿದೆ ಎಂಬುದು ತಿಳಿದಿರಬೇಕು. ಈ ಕೋನವನ್ನು ಅಳೆಯಲು ಮುಖ್ಯವಾಗಿ ಎರಡು ಸಾಧನಗಳು ಬಳಕೆಯಲ್ಲಿವೆ. ಒಂದು ದ್ಯುತಿ ಎನ್‌ಕೋಡರ್, ಇನ್ನೊಂದು ರಿಸಾಲ್ವರ್. ಇವೆರಡನ್ನು ಹೋಲಿಸುವ ಕೋಷ್ಟಕವೊಂದು ಪಠ್ಯಗಳಲ್ಲೂ ತಯಾರಕರ ಕೈಪಿಡಿಗಳಲ್ಲೂ ಮತ್ತೆ ಮತ್ತೆ ಕಾಣಿಸುತ್ತದೆ. ಎನ್‌ಕೋಡರಿಗೆ ರೆಸಲ್ಯೂಶನ್ ಹೆಚ್ಚು, ತಾಳಿಕೆ ಕಡಿಮೆ. ರಿಸಾಲ್ವರಿಗೆ ತಾಳಿಕೆ ಹೆಚ್ಚು, ರೆಸಲ್ಯೂಶನ್ ಕಡಿಮೆ. ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡುತ್ತಾರೆ.

ಕೋಷ್ಟಕ ಸುಳ್ಳು ಹೇಳುತ್ತಿಲ್ಲ. ಆದರೆ ಅದು ಎರಡು ವಿಷಯಗಳನ್ನು ಮುಚ್ಚಿಡುತ್ತದೆ. ರೆಸಲ್ಯೂಶನ್ ಮತ್ತು ನಿಖರತೆ ಬೇರೆ ಬೇರೆ ಎಂಬುದು ಮೊದಲನೆಯದು. ಸೂಕ್ಷ್ಮತೆ ಮತ್ತು ತಾಳಿಕೆ ಎಂಬ ಎರಡು ಸಾಲುಗಳ ಹಿಂದೆ ಇರುವ ಭೌತಿಕ ಕಾರಣ ಒಂದೇ ಎಂಬುದು ಎರಡನೆಯದು.

ಮೊದಲು ಎನ್‌ಕೋಡರನ್ನು ನೋಡೋಣ. ಶಾಫ್ಟಿಗೆ ಜೋಡಿಸಿದ ಬಿಲ್ಲೆಯ ಅಂಚಿನಲ್ಲಿ ಪಾರದರ್ಶಕ ಮತ್ತು ಅಪಾರದರ್ಶಕ ಗೆರೆಗಳಿರುತ್ತವೆ. ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಬೆಳಕಿನ ಸಂವೇದಕ. ಕಾಲು ಆವರ್ತನೆಯಷ್ಟು ಅಂತರವಿರುವ ಎರಡು ಸಂಕೇತಗಳಿಂದ ಪ್ರತಿ ಗೆರೆಗೂ ನಾಲ್ಕು ಎಣಿಕೆ ಸಿಗುತ್ತದೆ. 2500 ಗೆರೆಗಳ ಬಿಲ್ಲೆಯಾದರೆ ಒಂದು ಸುತ್ತಿಗೆ 10,000 ಎಣಿಕೆ. ಅಂದರೆ ಒಂದು ಎಣಿಕೆಗೆ 0.036 ಡಿಗ್ರಿ.

ಈಗ ಗೆರೆಗಳ ಗಾತ್ರವನ್ನು ಲೆಕ್ಕ ಹಾಕೋಣ. ಗೆರೆಗಳ ವರ್ತುಲದ ತ್ರಿಜ್ಯ 15 ಮಿಲಿಮೀಟರ್ ಎಂದುಕೊಂಡರೆ ಪರಿಧಿ ಸುಮಾರು 94 ಮಿಲಿಮೀಟರ್. ಇದನ್ನು 2500ರಿಂದ ಭಾಗಿಸಿದರೆ ಒಂದು ಗೆರೆ ಮತ್ತು ಒಂದು ತೆರಪಿಗೆ ಒಟ್ಟು 38 ಮೈಕ್ರೋಮೀಟರ್ ದೊರೆಯುತ್ತದೆ. ಇದು ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಎಣ್ಣೆಯ ಒಂದು ಹನಿ, ಒಂದು ಧೂಳಿನ ಕಣ, ತಣಿದಾಗ ಕೂಡುವ ತೇವದ ಪೊರೆ, ಇವುಗಳಲ್ಲಿ ಯಾವುದಾದರೂ ಒಂದು ಹಲವು ಗೆರೆಗಳನ್ನು ಮುಚ್ಚಬಲ್ಲದು. ಎನ್‌ಕೋಡರ್ ಸೂಕ್ಷ್ಮವಾಗಿರುವುದಕ್ಕೂ ಕೊಳೆಗೆ ಬೇಗ ಸೋಲುವುದಕ್ಕೂ ಕಾರಣ ಈ 38 ಮೈಕ್ರೋಮೀಟರೇ.

ಅದೇ ಬಿಲ್ಲೆಯನ್ನು ಶಾಫ್ಟಿನ ಕೇಂದ್ರದಿಂದ ಕೇವಲ 10 ಮೈಕ್ರೋಮೀಟರ್ ಸರಿಸಿ ಕೂರಿಸಿದರೆ ಏನಾಗುತ್ತದೆ? ಕೋನದ ದೋಷ 10 ಭಾಗ 15,000 ರೇಡಿಯನ್, ಅಂದರೆ 0.038 ಡಿಗ್ರಿ. ಇದು ಒಂದು ಎಣಿಕೆಗಿಂತ ಹೆಚ್ಚು! ಗೆರೆಗಳನ್ನು ಎಷ್ಟೇ ಹೆಚ್ಚಿಸಿದರೂ ಈ ದೋಷ ತಗ್ಗುವುದಿಲ್ಲ. ರೆಸಲ್ಯೂಶನ್ ಬಿಲ್ಲೆಯೊಂದಿಗೆ ಬರುತ್ತದೆ. ನಿಖರತೆಯನ್ನು ಜೋಡಣೆಯಲ್ಲಿ ಸಂಪಾದಿಸಬೇಕಾಗುತ್ತದೆ.

ರಿಸಾಲ್ವರ್ ಮೂಲತಃ ತಿರುಗುವ ಒಂದು ಟ್ರಾನ್ಸ್‌ಫಾರ್ಮರ್. ತಾಮ್ರದ ಸುರುಳಿಗಳು, ಉಕ್ಕಿನ ತಗಡುಗಳು, ಇಷ್ಟೇ. ಒಂದು ಸುರುಳಿಗೆ ಸುಮಾರು 10 ಕಿಲೋಹರ್ಟ್ಸ್ ಆವೃತ್ತಿಯ ಪರ್ಯಾಯ ವಿದ್ಯುತ್ತನ್ನು ಕೊಟ್ಟರೆ, ಪರಸ್ಪರ ಲಂಬವಾಗಿರುವ ಎರಡು ಸುರುಳಿಗಳಲ್ಲಿ ಶಾಫ್ಟಿನ ಕೋನದ ಸೈನ್ ಮತ್ತು ಕೊಸೈನಿಗೆ ಅನುಗುಣವಾದ ವೋಲ್ಟೇಜುಗಳು ಪ್ರೇರಿತವಾಗುತ್ತವೆ. ಇವೆರಡರ ಅನುಪಾತದಿಂದ ಕೋನ ದೊರೆಯುತ್ತದೆ. ಶಾಖದಿಂದ ತಾಮ್ರದ ರೋಧ ಹೆಚ್ಚಿದರೂ, ಉದ್ದದ ಕೇಬಲಿನಲ್ಲಿ ಸಂಕೇತ ಕ್ಷೀಣಿಸಿದರೂ ಎರಡೂ ವೋಲ್ಟೇಜುಗಳು ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಅನುಪಾತ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಕಾಂತಕ್ಷೇತ್ರಕ್ಕೆ ಧೂಳು, ಎಣ್ಣೆ ಅಡ್ಡಿಯಾಗುವುದಿಲ್ಲ. ಎಲೆಕ್ಟ್ರಾನಿಕ್ ಭಾಗಗಳೆಲ್ಲ ದೂರದ ನಿಯಂತ್ರಕದ ಪೆಟ್ಟಿಗೆಯಲ್ಲಿರುತ್ತವೆ. ಮೋಟಾರಿನ ಎಫ್ ದರ್ಜೆಯ ನಿರೋಧಕ 155 ಡಿಗ್ರಿ ಸೆಲ್ಸಿಯಸ್ ತಾಳುವಂಥದು. ದ್ಯುತಿ ಎನ್‌ಕೋಡರಿನ ಚಿಪ್ಪುಗಳು ಸಾಮಾನ್ಯವಾಗಿ 100 ಡಿಗ್ರಿಯ ಆಸುಪಾಸಿನಲ್ಲೇ ಮಿತಿ ಮುಟ್ಟುತ್ತವೆ.

ಆದರೆ ಅನುಪಾತವೇ ರಿಸಾಲ್ವರಿನ ದುರ್ಬಲ ಬಿಂದುವೂ ಹೌದು. ಎರಡು ಸುರುಳಿಗಳ ವೋಲ್ಟೇಜುಗಳಲ್ಲಿ ಕೇವಲ ಶೇಕಡಾ 1ರಷ್ಟು ಅಸಮತೆ ಇದ್ದರೆ ಗರಿಷ್ಠ ದೋಷ 0.005 ರೇಡಿಯನ್, ಅಂದರೆ 0.29 ಡಿಗ್ರಿ. ಚೆನ್ನಾಗಿ ತಯಾರಾದ ಸಾಮಾನ್ಯ ರಿಸಾಲ್ವರಿನ ನಿಖರತೆಯೂ 0.17 ಡಿಗ್ರಿಯಷ್ಟೇ. ಪರಿವರ್ತಕ ಚಿಪ್ಪು 16 ಬಿಟ್, ಅಂದರೆ 0.0055 ಡಿಗ್ರಿಯ ಹೆಜ್ಜೆಗಳಲ್ಲಿ ಉತ್ತರ ಕೊಟ್ಟರೂ ಅವುಗಳಲ್ಲಿ ಕೊನೆಯ ನಾಲ್ಕೈದು ಬಿಟ್‌ಗಳು ಶಾಫ್ಟಿನ ನಿಜಸ್ಥಾನದ ಬಗ್ಗೆ ಏನನ್ನೂ ಖಚಿತಪಡಿಸುವುದಿಲ್ಲ.

ಈಗ ಒಂದು ನಿಜವಾದ ಮೋಟಾರಿನ ಅಂಕಿಗಳನ್ನು ತೆಗೆದುಕೊಳ್ಳೋಣ. ಟೊಯೋಟಾದ ಪ್ರಿಯಸ್ ಹೈಬ್ರಿಡ್ ಕಾರಿನಲ್ಲಿ ಕೋನವನ್ನು ಅಳೆಯುವುದು ರಿಸಾಲ್ವರ್. ಅದರ 2010ರ ಮಾದರಿಯ ಮೋಟಾರಿಗೆ 8 ಧ್ರುವಗಳು, ಗರಿಷ್ಠ ವೇಗ ನಿಮಿಷಕ್ಕೆ 13,500 ಸುತ್ತು. ನಾಲ್ಕು ಧ್ರುವಜೋಡಿಗಳಿರುವುದರಿಂದ ಶಾಫ್ಟಿನ ಕೋನದ ದೋಷ ವಿದ್ಯುತ್ ಕೋನದಲ್ಲಿ ನಾಲ್ಕು ಪಟ್ಟಾಗುತ್ತದೆ. 0.17 ಡಿಗ್ರಿಯ ದೋಷ ಸುಮಾರು 0.7 ಡಿಗ್ರಿಯಾಗುತ್ತದೆ. ಸರಳ ಅಂದಾಜಿನಲ್ಲಿ ಟಾರ್ಕ್ ಈ ದೋಷದ ಕೊಸೈನಿಗೆ ಅನುಗುಣವಾಗಿರುತ್ತದೆ. 0.7 ಡಿಗ್ರಿಯ ಕೊಸೈನ್ 0.9999ಕ್ಕಿಂತ ಹೆಚ್ಚು! ಶಾಫ್ಟಿನ ದೋಷ ಪೂರ್ತಿ ಒಂದು ಡಿಗ್ರಿಯಾದರೂ ಟಾರ್ಕಿನ ನಷ್ಟ ಶೇಕಡಾ 0.24 ಮಾತ್ರ. ಕೋಷ್ಟಕ ಯಾವುದನ್ನು ರಿಸಾಲ್ವರಿನ ಕೊರತೆ ಎನ್ನುತ್ತದೆಯೋ ಅದು ಈ ಮೋಟಾರಿಗೆ ಕಾಣುವುದೇ ಇಲ್ಲ.

ವೇಗದ ಲೆಕ್ಕವೂ ಇದೆ. 13,500 ಎಂದರೆ ಸೆಕೆಂಡಿಗೆ 225 ಸುತ್ತು. 2500 ಗೆರೆಗಳ ಎನ್‌ಕೋಡರನ್ನು ಇಲ್ಲಿ ಕೂರಿಸಿದರೆ ಅದು ಸೆಕೆಂಡಿಗೆ ಐದೂವರೆ ಲಕ್ಷಕ್ಕೂ ಹೆಚ್ಚು ಸ್ಪಂದಗಳನ್ನು ತಪ್ಪಿಲ್ಲದೆ ಕಳಿಸಬೇಕು. ರಿಸಾಲ್ವರಿಗೂ ಇಲ್ಲಿ ರಿಯಾಯಿತಿ ಇಲ್ಲ. ಅನಲಾಗ್ ಡಿವೈಸಸ್ ಸಂಸ್ಥೆಯ ಎಡಿ2ಎಸ್1210 ಎಂಬ ಪರಿವರ್ತಕ ಚಿಪ್ಪನ್ನು ಉದಾಹರಣೆಯಾಗಿ ನೋಡಬಹುದು. 16 ಬಿಟ್‌ಗಳಲ್ಲಿ ಅದು ಸೆಕೆಂಡಿಗೆ ಹೆಚ್ಚೆಂದರೆ 156 ಸುತ್ತುಗಳನ್ನು ಹಿಂಬಾಲಿಸಬಲ್ಲದು. ಒಂದು ಸುತ್ತಿಗೆ ಒಂದೇ ಆವರ್ತನೆ ಕೊಡುವ ರಿಸಾಲ್ವರಿನೊಂದಿಗೆ ಬಳಸಿದರೂ 225 ಸುತ್ತುಗಳಿಗೆ 14 ಬಿಟ್‌ಗೆ ಇಳಿಯಲೇಬೇಕು. ಬಿಟ್‌ಗಳನ್ನು ವೇಗ ಹೇಳದೆ ಹೋಲಿಸುವುದು ಅರ್ಥಹೀನ.

ಕಾರು ಏರಿನಲ್ಲಿ ನಿಂತಿದ್ದು ಹೊರಡಬೇಕಾದಾಗ ಇನ್ನೊಂದು ವ್ಯತ್ಯಾಸ ತಿಳಿಯುತ್ತದೆ. ಬರೀ ಎಣಿಸುವ ಎನ್‌ಕೋಡರಿಗೆ ಸ್ವಿಚ್ ಹಾಕಿದಾಗ ತಾನು ಎಲ್ಲಿದ್ದೇನೆಂದು ತಿಳಿಯದು. ಗುರುತಿನ ಗೆರೆ ದಾಟುವವರೆಗೆ ಕಾಯಬೇಕು. ಈ ಮೋಟಾರಿನಲ್ಲಿ ಶಾಫ್ಟಿನ ಅಂದಾಜು 22.5 ಡಿಗ್ರಿ ತಪ್ಪಿದರೆ ವಿದ್ಯುತ್ ಕೋನ 90 ಡಿಗ್ರಿ ತಪ್ಪುತ್ತದೆ, ಟಾರ್ಕ್ ಶೂನ್ಯವಾಗುತ್ತದೆ. ಅದಕ್ಕಿಂತ ಹೆಚ್ಚು ತಪ್ಪಿದರೆ ಕಾರು ಹಿಂದಕ್ಕೆ ತಳ್ಳಲ್ಪಡುತ್ತದೆ. ರಿಸಾಲ್ವರ್ ಮೊದಲ ಕ್ಷಣದಲ್ಲೇ ಉತ್ತರ ಕೊಡುತ್ತದೆ.

ಹಾಗೆಂದು ಎನ್‌ಕೋಡರ್ ಕೀಳಲ್ಲ. ಯಂತ್ರೋಪಕರಣದ ತಿರುಗುಮೇಜಿನ ಮೇಲೆ ಕೇಂದ್ರದಿಂದ 100 ಮಿಲಿಮೀಟರ್ ದೂರದಲ್ಲಿ ರಂಧ್ರ ಕೊರೆಯಬೇಕೆನ್ನಿ. 0.17 ಡಿಗ್ರಿಯ ದೋಷ ಅಲ್ಲಿ 0.3 ಮಿಲಿಮೀಟರ್ ಆಗುತ್ತದೆ. ಆ ಭಾಗ ಗುಜರಿಗೇ ಹೋಗುತ್ತದೆ. ಎಚ್ಚರದಿಂದ ಕೂರಿಸಿ, ಮೊಹರು ಮಾಡಿದ ಉತ್ತಮ ಎನ್‌ಕೋಡರಿಗೆ ಅಲ್ಲಿ ಬದಲಿಯಾಗಿ ಸಾಮಾನ್ಯ ರಿಸಾಲ್ವರ್ ಸಲ್ಲದು. ಕಾಂತೀಯ ಎನ್‌ಕೋಡರುಗಳು ಕೊಳೆಯನ್ನು ತಾಳುತ್ತವೆ ಎಂಬುದನ್ನೂ ಕೋಷ್ಟಕ ಮರೆಯುತ್ತದೆ.

ಸಾಧನ ಕೆಟ್ಟಾಗ ದೋಷದ ಆಕಾರವೇ ಕಾರಣವನ್ನು ಹೇಳುತ್ತದೆ. ಸ್ಥಿರ ವೇಗದಲ್ಲಿ ತಿರುಗಿಸಿ ಕೋನದ ದೋಷವನ್ನು ನಕ್ಷೆಯಲ್ಲಿ ಬಿಡಿಸಿದರೆ, ಸುತ್ತಿಗೆ ಒಂದು ಅಲೆ ಇದ್ದಲ್ಲಿ ಎನ್‌ಕೋಡರಿನ ಬಿಲ್ಲೆ ಕೇಂದ್ರ ತಪ್ಪಿರಬಹುದು. ವಿದ್ಯುತ್ ಆವರ್ತನೆಗೆ ಎರಡು ಅಲೆಗಳಿದ್ದರೆ ರಿಸಾಲ್ವರಿನ ಎರಡು ವೋಲ್ಟೇಜುಗಳು ಅಸಮವಾಗಿವೆ. ಅಲೆಯಿಲ್ಲದೆ ದೋಷ ಸುತ್ತಿನಿಂದ ಸುತ್ತಿಗೆ ಕೂಡುತ್ತಾ ಹೋದರೆ ಎನ್‌ಕೋಡರ್ ಎಣಿಕೆ ಕಳೆದುಕೊಳ್ಳುತ್ತಿದೆ. ಬಿಲ್ಲೆ ಕೊಳೆಯಾಗಿರಬಹುದು, ಇಲ್ಲವೇ ಕೇಬಲಿನಲ್ಲಿ ವಿದ್ಯುತ್ ಗದ್ದಲ ಹೊಕ್ಕಿರಬಹುದು.

ಆದ್ದರಿಂದ ಕೋಷ್ಟಕಕ್ಕೆ ಮೂರು ಅಂಕಣಗಳನ್ನು ಸೇರಿಸಿ ಪಾಠ ಮಾಡುವುದು ಒಳ್ಳೆಯದು: ಜೋಡಿಸಿದ ಮೇಲಿನ ನಿಖರತೆ, ಅದು ಸಿಗುವ ಗರಿಷ್ಠ ವೇಗ, ಮತ್ತು ಮೋಟಾರಿನ ಧ್ರುವಜೋಡಿಗಳ ಸಂಖ್ಯೆ. ಈ ಮೂರನ್ನು ತುಂಬಿದ ಮೇಲೆ ಬಿಟ್‌ಗಳ ಅಂಕಣವನ್ನು ಬೇಕಾದರೆ ಕೊನೆಯಲ್ಲಿ ನೋಡಬಹುದು.