ಎಂಟು ಲೋಟದ ಲೆಕ್ಕ ಬಂದರಿನಲ್ಲಿ ನಿಲ್ಲುವುದಿಲ್ಲ

ದಿನಕ್ಕೆ ಎಂಟು ಲೋಟ ನೀರು ಕುಡಿಯಲೇಬೇಕು ಎಂಬ ನಿಯಮವನ್ನು ಮಂಗಳೂರಿನ ಬಂದರ್‌ಗೆ ತಂದರೆ ಅದು ಎರಡೂ ಕಡೆ ಸೋಲುತ್ತದೆ. ಗೋದಾಮಿನೊಳಗೆ ಫ್ಯಾನಿನಡಿ ಕುಳಿತು ಬಿಲ್ಲು ಬರೆಯುವವರಿಗೆ ಅಷ್ಟು ಬೇಕಾಗದೆಯೂ ಇರಬಹುದು. ಹೊರಗೆ ಏಪ್ರಿಲ್ ಬಿಸಿಲಲ್ಲಿ ಲಾರಿಗೆ ಮೂಟೆ ಹೇರುವವರಿಗೆ ಅದು ಏನೇನೂ ಸಾಲದು.

1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ ವಯಸ್ಕರಿಗೆ ದಿನಕ್ಕೆ ಎರಡೂವರೆ ಲೀಟರ್ ನೀರನ್ನು ಸೂಚಿಸಿತು. ಅದರ ಬಹುಪಾಲು ತಿನ್ನುವ ಅಡುಗೆಯಲ್ಲೇ ಇರುತ್ತದೆ ಎಂದೂ ಬೆನ್ನಿಗೇ ಬರೆಯಿತು. ಎಂಟು ಲೋಟದ ಮಾತು ಹುಟ್ಟಿದ್ದು ಇಲ್ಲಿಂದಲೇ ಎಂಬುದು ಹಲವರ ಊಹೆ. ಹಾಗಿದ್ದರೆ ಜನ ಮೊದಲ ವಾಕ್ಯ ಹಿಡಿದುಕೊಂಡು ಎರಡನೆಯದನ್ನು ಬಿಟ್ಟರು. 2002ರಲ್ಲಿ ಮೂತ್ರಪಿಂಡ ತಜ್ಞ ಹೈಂಜ್ ವಾಲ್ಟಿನ್ ಈ ನಿಯಮಕ್ಕೆ ಆಧಾರ ಹುಡುಕಿದರು. ಕುಳಿತು ಕೆಲಸ ಮಾಡುವ ಆರೋಗ್ಯವಂತರಿಗೆ ಅದು ಅಗತ್ಯ ಎನ್ನುವ ವೈಜ್ಞಾನಿಕ ಪುರಾವೆ ಅವರಿಗೆ ಸಿಗಲಿಲ್ಲ.

ಬಿಟ್ಟುಹೋದ ಆ ಎರಡನೆಯ ವಾಕ್ಯ ನಮ್ಮ ಕರಾವಳಿಗೆ ಚೆನ್ನಾಗಿ ಒಪ್ಪುತ್ತದೆ. ಅರ್ಧ ಲೀಟರ್ ಹಿಡಿಯುವ ಬಟ್ಟಲು ತುಂಬ ಕುಚ್ಚಲಕ್ಕಿ ಗಂಜಿಯಲ್ಲಿ ನಾನೂರು ಮಿಲಿಲೀಟರಿನಷ್ಟು ನೀರಿರುತ್ತದೆ. ಜೊತೆಗಿನ ಉಪ್ಪಿನಕಾಯಿ ಬೆವರಿನಲ್ಲಿ ಹೋದ ಉಪ್ಪನ್ನೂ ತುಂಬುತ್ತದೆ. ಚಹಾ, ಮಜ್ಜಿಗೆ, ಸಾರು ಎಲ್ಲವೂ ಲೆಕ್ಕಕ್ಕೆ ಬರುತ್ತವೆ; ಚಹಾ ಕುಡಿದರೆ ನೀರು ಕಳೆದುಹೋಗುತ್ತದೆ ಎಂಬ ಹೆದರಿಕೆಗೆ ಹುರುಳಿಲ್ಲ.

ಕಡಲ ಬದಿಯ ಸೆಕೆಯ ಕತೆ ಬೇರೆ. ಬೆವರು ಆರಿದಾಗ ಮಾತ್ರ ಮೈ ತಂಪಾಗುತ್ತದೆ. ಇಲ್ಲಿನ ತೇವದ ಗಾಳಿಯಲ್ಲಿ ಅದು ಆರದೆ ತೊಟ್ಟಿಕ್ಕುತ್ತದೆ, ಮೈ ಇನ್ನಷ್ಟು ಬೆವರುತ್ತದೆ. ಇಪ್ಪತ್ತಮೂರು ದೇಶಗಳ ಐದು ಸಾವಿರಕ್ಕೂ ಹೆಚ್ಚು ಜನರನ್ನು ಅಳೆದು 2022ರಲ್ಲಿ ಪ್ರಕಟವಾದ ಅಧ್ಯಯನವೂ ಬಿಸಿಲು, ತೇವಾಂಶ, ಮೈಮುರಿವ ದುಡಿಮೆ ನೀರಿನ ಅಗತ್ಯವನ್ನು ಏರಿಸುತ್ತವೆ ಎಂದೇ ಹೇಳಿತು.

ಎಷ್ಟು ಹೋಯಿತು ಎಂದು ತಿಳಿಯಲು ಗೋದಾಮಿನ ತೂಕದ ಯಂತ್ರವೇ ಸಾಕು. ಬೆಳಗ್ಗೆ 62 ಕಿಲೋ ಇದ್ದವರು ನಡುವೆ ಒಂದು ಲೀಟರ್ ನೀರು ಕುಡಿದೂ ಮಧ್ಯಾಹ್ನ ಊಟಕ್ಕೆ ಮೊದಲು 61ಕ್ಕೆ ಇಳಿದರು ಎನ್ನಿ. ಮೂತ್ರಕ್ಕೆ ಹೋಗಿಲ್ಲದಿದ್ದರೆ ಬೆವರಿನಲ್ಲಿ ಹೋದದ್ದು ಸುಮಾರು ಎರಡು ಲೀಟರ್. ಎಂಟು ಲೋಟವೆಂದರೆ ಹೆಚ್ಚುಕಡಿಮೆ ಅಷ್ಟೇ. ತೂಕ ನೋಡಲಾಗದಿದ್ದರೆ ಮೂತ್ರದ ಬಣ್ಣ ನೋಡಬಹುದು: ತಿಳಿ ಹಳದಿ ಇದ್ದರೆ ಸರಿ, ಗಾಢವಾದರೆ ನೀರು ಸಾಲದು. ಬಿ ವಿಟಮಿನ್ ಮಾತ್ರೆ ನುಂಗಿದ ದಿನ ಈ ಗುರುತು ನಂಬಬೇಡಿ.

ಹಾಗೆಂದು ಬಾಟಲಿಗಟ್ಟಲೆ ಒಂದೇ ಸಲ ಕುಡಿಯುವುದೂ ಅಪಾಯ. ಮೂತ್ರಪಿಂಡ ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನಷ್ಟು ಹೊರಹಾಕೀತು. ಅದನ್ನು ಮೀರಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಫಿಟ್ಸ್ ಬರಬಹುದು.

ಆರೋಗ್ಯವಂತರಿಗೆ ಬಾಯಾರಿಕೆಯೇ ಒಳ್ಳೆಯ ಮಾರ್ಗದರ್ಶಿ. ವಯಸ್ಸಾದವರಲ್ಲಿ ಅದು ಮಂಕಾಗುತ್ತದೆ, ಅವರಿಗೆ ಕೇಳಿ ಕುಡಿಸಬೇಕು. ಕಲ್ಲಿನ ತೊಂದರೆ ಇದ್ದವರು ಹೆಚ್ಚು ಕುಡಿಯಬೇಕು. ಹೃದಯ ಸೋತವರು, ಕಿಡ್ನಿ ಕೆಟ್ಟವರು ಮಾತ್ರ ವೈದ್ಯರು ಹೇಳಿದ ಅಳತೆ ದಾಟಬಾರದು.